ಟೆಂಪೋದಾಗ ಹತ್ತು ಆಡು, ಹದಿನೈದಲ್ಲ!

ಬಂಕಾಪುರ: ಹೆದ್ದಾರಿಯ ಕ್ರಾಸಿನಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಸಂತೆಗೆ ಹೊರಟ ಆಡುಗಳ ಟೆಂಪೋ ಹೊಸದೇನಲ್ಲ. ಒಂದರ ಮೇಲೊಂದು ಕತ್ತು ಚಾಚಿ ನಿಂತಿರುತ್ತವೆ. "ಇನ್ನೆರಡು ಹಿಡಸ್ತಾವ ಬಿಡ್ರಿ" ಎನ್ನುವುದು ಗಾಡಿ ತುಂಬುವವರ ವಾಡಿಕೆಯ ಮಾತು. ಪೆಟ್ಟು ಬೀಳುವುದು ಆ ಎರಡರಿಂದಲೇ.

ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿದ ಲೆಕ್ಕದಂತೆ ಆಡೊಂದಕ್ಕೆ 0.3 ಚದರ ಮೀಟರ್, ಅಂದರೆ ಸುಮಾರು ಮೂರೂಕಾಲು ಚದರಡಿ ಜಾಗ ಬೇಕು. ಏಳಡಿ ಉದ್ದ, ನಾಲ್ಕೂಮುಕ್ಕಾಲು ಅಡಿ ಅಗಲದ ಚಿಕ್ಕ ಟೆಂಪೋದಲ್ಲಿ ಇರುವುದು ಮೂವತ್ಮೂರು ಚದರಡಿ. ಹತ್ತು ಆಡಿಗೆ ಸರಿಹೋಯಿತು.

ಹದಿನೈದು ತುಂಬಿದರೆ ಏನಾಗುತ್ತದೆ? ಚಾಲಕ ಬ್ರೇಕ್ ಒತ್ತಿದಾಗ ಒಂದು ಬೀಳುತ್ತದೆ. ಏಳಲು ಜಾಗವಿಲ್ಲ, ಉಳಿದವು ಅದರ ಮೇಲೆ ನಿಲ್ಲುತ್ತವೆ. ಉಸಿರುಗಟ್ಟಿ ಸಾಯುವುದು ಹೀಗೆ. ಬಾಡಿಗೆ 1,500 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಹಾಕಿದರೆ ತಲೆಗೆ 150, ಹದಿನೈದು ಹಾಕಿದರೆ 100. ಹದಿನೈದಕ್ಕೂ ಕೂಡಿ ಉಳಿಯುವುದು 750 ರೂಪಾಯಿ. ಒಂದು ಆಡು ಸತ್ತರೆ ಆ ಉಳಿತಾಯವೂ ಹೋಯಿತು, ಮೇಲೆ ಸಾವಿರಾರು ರೂಪಾಯಿಯೂ ಹೋಯಿತು.

ಹಾಗಂತ ಐದೇ ಆಡು ಹಾಕಿ ಹಾಗೇ ಬಿಟ್ಟರೂ ತಪ್ಪೇ. ಪ್ರತಿ ತಿರುವಿನಲ್ಲೂ ಜಾರಿ ಹಲಗೆಗೆ ಬಡಿದುಕೊಳ್ಳುತ್ತವೆ. ನಡುವೆ ಒಂದು ಹಲಗೆ ಅಡ್ಡ ಕಟ್ಟಿ ಜಾಗ ಕಿರಿದು ಮಾಡಬೇಕು. ಕೊಂಬಿನ ಹೋತವನ್ನು ಆ ಹಲಗೆಯ ಆಚೆ ಬೇರೆ ನಿಲ್ಲಿಸಬೇಕು.

ಇನ್ನು ನೆಲ. ಕಬ್ಬಿಣದ ತಗಡಿನ ಮೇಲೆ ಉಚ್ಚೆ ಬಿದ್ದರೆ ಸಾಕು, ಗೊರಸು ನಿಲ್ಲದು. 1978ರ ಪ್ರಾಣಿ ಸಾಗಣೆ ನಿಯಮಗಳು ಐದು ಸೆಂಟಿಮೀಟರಿನಷ್ಟಾದರೂ ಹುಲ್ಲಿನ ಹಾಸು ಇರಲಿ ಎನ್ನುತ್ತವೆ. ಎರಡು ಬೆರಳಲ್ಲ, ಎರಡು ಇಂಚು! ಈ ಭಾಗದಾಗ ಭತ್ತದ ಹುಲ್ಲಿಗೇನು ಬರವೇ? ಅಡಿಗೆ ತುಸು ಉಸುಕು ಹರಡಿದರೆ ಇನ್ನೂ ಹಿಡಿತ.

ಹತ್ತಿಸುವಾಗ ಕೊಂಬು, ಕಿವಿ, ಒಂಟಿ ಕಾಲು ಹಿಡಿದು ಎಳೆಯಬಾರದು. ಗಾಡಿಯ ಹಿಂಬದಿಯನ್ನು ಹೊಲದ ಬದುವಿಗೆ ತಾಗಿಸಿದರೆ ಆಡು ತಾನೇ ನಡೆದು ಏರುತ್ತದೆ. ಕತ್ತಿಗೆ ಹಗ್ಗ ಹಾಕಿ ಪಕ್ಕದ ಹಲಗೆಗೆ ಬಿಗಿದರೆ, ಬಿದ್ದ ಆಡಿಗೆ ಅದೇ ಉರುಲು.

ಇಳಿಸಿದ ಮೇಲೆ ನೋಡಬೇಕು: ಬಾಯಿ ತೆರೆದು ತೇಕುತ್ತಿದೆಯೇ? ಒಂದು ಕಾಲು ಊರುತ್ತಿಲ್ಲವೇ? ಕೊಂಬಿನ ಬುಡದಲ್ಲಿ ರಕ್ತವಿದೆಯೇ? ತೇಕುವುದನ್ನು ನೆರಳಿಗೆ ತಂದು, ಸ್ವಲ್ಪ ಸ್ವಲ್ಪವೇ ನೀರು ಕುಡಿಸಬೇಕು. ಕುಂಟುವುದನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸಬೇಕು. ಸಂತೆಯಲ್ಲಿ ಕೊಳ್ಳುವವನ ಕಣ್ಣು ಮೊದಲು ಬೀಳುವುದೂ ಕಾಲಿನ ಮೇಲೆಯೇ. ಕುಂಟುವ ಆಡಿಗೆ ಅವನು ಹೇಳುವುದೇ ರೇಟು.