ನಲವತ್ತಮೂರು ಮೇಲ್‌ಗಳು, ಒಂದು ಪುಟ

ಬೆಂಗಳೂರಿನಲ್ಲಿ 48 ಮನೆಗಳ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳಿ. ಏಪ್ರಿಲ್ 2ರಂದು 402ನೇ ಮನೆಯವರು ಸಂಘಕ್ಕೆ ಒಂದು ಇ-ಮೇಲ್ ಕಳಿಸುತ್ತಾರೆ: ಟೆರೇಸ್ ಸೋರುತ್ತಿದೆ, ಮಲಗುವ ಕೋಣೆಯ ಸೀಲಿಂಗ್ ಒದ್ದೆಯಾಗಿದೆ, ಮಳೆಗಾಲಕ್ಕೆ ಮೊದಲು ಏನಾದರೂ ಮಾಡಿ. ಅದಕ್ಕೊಂದು ಉತ್ತರ, ಉತ್ತರಕ್ಕೊಂದು ಮರುಪ್ರಶ್ನೆ, ನಡುವೆ ಕೊಟೇಶನ್‌ಗಳು, ಸ್ವಲ್ಪ ಜಗಳ. ಏಪ್ರಿಲ್ 24ರ ಹೊತ್ತಿಗೆ ಮೇಲ್‌ಗಳ ಸಂಖ್ಯೆ 43. ಕೊನೆಯದು ಅಧ್ಯಕ್ಷರದು: ‘ಹಾಗಾದರೆ ಫೈನಲ್, ಮುಂದುವರಿಯೋಣ.’

ಯಾವುದು ಫೈನಲ್? ಸಾಲಿನಲ್ಲಿರುವ ಹತ್ತು ಮಂದಿಯನ್ನು ಕೇಳಿದರೆ ಮೂರ್ನಾಲ್ಕು ಬಗೆಯ ಉತ್ತರ ಬರುತ್ತದೆ. ಆಗ ಯಾರಾದರೂ ಕುಳಿತು ಇಡೀ ಸರಣಿಯನ್ನು ಒಂದು ಪುಟಕ್ಕೆ ಇಳಿಸಬೇಕಾಗುತ್ತದೆ. ಹೆಚ್ಚಿನವರು ಇಲ್ಲಿ ಮಾಡುವುದು ಕಥೆ ಹೇಳುವ ಕೆಲಸ: ಮೊದಲು ಇವರು ಹೀಗೆಂದರು, ಆಮೇಲೆ ಅವರು ಹಾಗೆಂದರು. ಅದು ಉದ್ದವನ್ನು ಕಡಿಮೆ ಮಾಡುತ್ತದೆ, ಗೊಂದಲವನ್ನಲ್ಲ. ಬೇಕಾಗಿರುವುದು ಮೂರು ಪಟ್ಟಿ. ಏನು ತೀರ್ಮಾನವಾಗಿದೆ, ಏನು ಇನ್ನೂ ಬಾಕಿ ಇದೆ, ಯಾರು ಯಾರಿಗೆ ಯಾವಾಗ ಏನು ಕೊಡಬೇಕು. ಈ ಮೂರರಲ್ಲಿ ಎಲ್ಲರೂ ಅವಸರದಲ್ಲಿ ದಾಟಿಹೋಗುವ ಎರಡನೆಯದೇ ಎಷ್ಟೋ ಸಲ ಇಡೀ ಪುಟದ ಬೆಲೆಯನ್ನು ನಿರ್ಧರಿಸುತ್ತದೆ.

ಮೊದಲು ಓದು

ಮೇಲ್ ಸರಣಿಯನ್ನು ಹಳೆಯದರಿಂದ ಹೊಸದಕ್ಕೆ ಓದಬೇಕು. ಹೊಸದರಿಂದ ಹಿಂದಕ್ಕೆ ಹೋದರೆ ಕೊನೆಯಲ್ಲಿ ಜೋರಾಗಿ ಮಾತಾಡಿದವರ ಅಭಿಪ್ರಾಯವೇ ತೀರ್ಮಾನದಂತೆ ಕಾಣಿಸುತ್ತದೆ. ಪ್ರತಿ ಮೇಲ್‌ನ ಕೆಳಗೆ ಹಿಂದಿನ ಮೇಲ್‌ಗಳು ಮತ್ತೆ ಮತ್ತೆ ಅಂಟಿಕೊಂಡಿರುತ್ತವೆ. ಅವನ್ನು ಬಿಟ್ಟುಬಿಡಬಹುದು, ಆದರೆ ಒಮ್ಮೆ ಕಣ್ಣಾಡಿಸಿದ ಮೇಲೆಯೇ. ಕೆಲವರು ಮೇಲೆ ‘ಕೆಳಗೆ ಉತ್ತರಿಸಿದ್ದೇನೆ’ ಎಂದಷ್ಟೇ ಬರೆದು, ನಿಜವಾದ ಉತ್ತರವನ್ನು ಹಳೆಯ ಮೇಲ್‌ನ ಸಾಲುಗಳ ನಡುವೆ ತುರುಕಿರುತ್ತಾರೆ. ಜಿಮೇಲ್ ಅದನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುವುದುಂಟು. ಆಗ ಒತ್ತಿ ತೆರೆಯದಿದ್ದರೆ ಕಾಣುವುದೇ ಇಲ್ಲ.

ಇನ್ನೊಂದು ತೊಂದರೆ ಸರಣಿ ಕವಲೊಡೆಯುವುದು. ಯಾರಾದರೂ ವಿಷಯದ ಸಾಲನ್ನು ಬದಲಿಸಿದರೆ ಜಿಮೇಲ್ ಅದನ್ನು ಬೇರೆ ಸಂಭಾಷಣೆಯಾಗಿ ತೋರಿಸುತ್ತದೆ. ಒಂದೇ ಸಂಭಾಷಣೆಯಲ್ಲಿ ನೂರಕ್ಕಿಂತ ಹೆಚ್ಚು ಮೇಲ್ ಆದರೂ ತುಂಡು ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ ಕಾರ್ಯದರ್ಶಿ ಏಪ್ರಿಲ್ 21ರಂದು ಕಂಟ್ರಾಕ್ಟರ್‌ನ ಮೇಲ್ ಒಂದನ್ನು ‘Fwd: Revised schedule’ ಎಂಬ ಹೆಸರಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ. ಕೆಲಸ ಮೇ 5ಕ್ಕಲ್ಲ, ಮೇ 12ಕ್ಕೆ ಶುರು ಎಂದು ಅದರಲ್ಲಿದೆ. ಮುಖ್ಯ ಸರಣಿಯಲ್ಲಿ ಮಾತ್ರ ಕೊನೆಯವರೆಗೂ ಮೇ 5 ಎಂದೇ ಉಳಿದಿದೆ. ಆದ್ದರಿಂದ ಸರಣಿ ಓದಿ ಮುಗಿದ ಮೇಲೆ ಕಂಟ್ರಾಕ್ಟರ್‌ನ ಹೆಸರು, ‘ಟೆರೇಸ್’ ಎಂಬ ಪದ ಇವುಗಳನ್ನು ಮೇಲ್‌ಬಾಕ್ಸ್‌ನಲ್ಲಿ ಹುಡುಕಿ, ಕಳಚಿಕೊಂಡಿರುವ ತುಂಡುಗಳನ್ನು ತಂದು ಸೇರಿಸಿಕೊಳ್ಳಬೇಕು. ಅಟ್ಯಾಚ್‌ಮೆಂಟ್‌ಗಳನ್ನೂ ತೆರೆದು ನೋಡಬೇಕು. ಮೇಲ್‌ನಲ್ಲಿ ಹೇಳುವ ಮೊತ್ತವೂ ಪಿಡಿಎಫ್‌ನಲ್ಲಿರುವ ಮೊತ್ತವೂ ಒಂದೇ ಎಂದು ನಂಬಿಕೊಳ್ಳುವುದು ಅಪಾಯ.

ನಿರ್ಧಾರವೋ, ಅಭಿಪ್ರಾಯವೋ

ಒಂದು ಮಾತನ್ನು ‘ತೀರ್ಮಾನ’ದ ಪಟ್ಟಿಗೆ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಅದನ್ನು ಹೇಳಿದವರಿಗೆ ತೀರ್ಮಾನಿಸುವ ಅಧಿಕಾರ ಇದೆಯೇ? ಯಾವುದಕ್ಕೆ ಒಪ್ಪಿಗೆ ಎಂಬುದು ಸ್ಪಷ್ಟವಾಗಿದೆಯೇ? ಮುಂದೆ ಎಲ್ಲಾದರೂ ಅದು ಬದಲಾಗಿದೆಯೇ?

ಏಪ್ರಿಲ್ 9ರಂದು ಸಮಿತಿ ಅಗ್ಗದ ಎಲಾಸ್ಟೊಮೆರಿಕ್ ಕೋಟಿಂಗ್‌ಗೆ ಒಪ್ಪಿತ್ತು. ಚದರಡಿಗೆ 45 ರೂಪಾಯಿ, ಐದು ವರ್ಷ ಗ್ಯಾರಂಟಿ. ಆಮೇಲೆ 404ರ ನಿವೃತ್ತ ಎಂಜಿನಿಯರ್, ಟೆರೇಸ್‌ನಲ್ಲಿ ಜನ ಓಡಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ, ತೆಳುವಾದ ಕೋಟಿಂಗ್ ಬಾಳುವುದಿಲ್ಲ ಎಂದು ವಿವರವಾಗಿ ಬರೆದರು. ಏಪ್ರಿಲ್ 17ರಂದು ಕಂಟ್ರಾಕ್ಟರ್ ಪಾಲಿಯುರಿಥೇನ್ ಪದರದ ದರವನ್ನು 85ರಿಂದ 80 ರೂಪಾಯಿಗೆ ಇಳಿಸಿದ. 6,000 ಚದರಡಿಗೆ 4.80 ಲಕ್ಷ, ಹತ್ತು ವರ್ಷ ಗ್ಯಾರಂಟಿ. ಏಪ್ರಿಲ್ 20ರೊಳಗೆ ಸಮಿತಿಯ ಏಳು ಸದಸ್ಯರಲ್ಲಿ ನಾಲ್ವರು ಇದಕ್ಕೆ ಬರಹದಲ್ಲಿ ಒಪ್ಪಿದರು. ಹಾಗಾಗಿ ಪಟ್ಟಿಗೆ ಹೋಗಬೇಕಾದದ್ದು ಈ ಎರಡನೆಯ ಒಪ್ಪಿಗೆ. ಮೊದಲನೆಯದು ರದ್ದಾಗಿದೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಇಲ್ಲದಿದ್ದರೆ ಅರ್ಧ ಓದಿದವರು ಇನ್ನೂ 45ರ ಲೆಕ್ಕದಲ್ಲೇ ಇರುತ್ತಾರೆ.

ಇದೇ ಎಂಜಿನಿಯರ್ ಇನ್ನೊಂದು ಸಲಹೆ ಕೊಟ್ಟಿದ್ದರು: ಕೆಲಸ ಮುಗಿದ ಮೇಲೆ ನೀರು ಹೋಗುವ ಕಿಂಡಿಗಳನ್ನು ಮುಚ್ಚಿ, 48 ಗಂಟೆ ಟೆರೇಸ್‌ನಲ್ಲಿ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿದ ಮೇಲೆಯೇ ಕೊನೆಯ ಕಂತು ಕೊಡಬೇಕು. ಅಧ್ಯಕ್ಷರ ಉತ್ತರ ‘ಒಳ್ಳೆಯ ಸಲಹೆ ಸರ್’. ಇದು ಮೆಚ್ಚುಗೆ, ತೀರ್ಮಾನವಲ್ಲ. ಇದನ್ನು ಬಾಕಿ ಪ್ರಶ್ನೆಯಾಗಿಯೇ ಬರೆಯಬೇಕು. ಮೌನವೂ ಹಾಗೆಯೇ. ‘ಇಂಥ ದಿನದೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ’ ಎಂದು ಮೊದಲೇ ಎಲ್ಲರಿಗೂ ತಿಳಿಸಿರದಿದ್ದರೆ, ಸುಮ್ಮನಿದ್ದವರು ಒಪ್ಪಿದವರಲ್ಲ.

ಅರ್ಧ ಉತ್ತರ ಪಡೆದ ಪ್ರಶ್ನೆ

ಬಾಕಿ ಪ್ರಶ್ನೆಗಳನ್ನು ಹಿಡಿಯಲು ಸುಲಭದ ದಾರಿ ಒಂದಿದೆ. ಸರಣಿಯ ಪ್ರತಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಗುರುತಿಸಿ, ಅದಕ್ಕೆ ಉತ್ತರವಾದ ಮೇಲ್ ಯಾವುದು ಎಂದು ಎದುರಿಗೆ ಬರೆಯುತ್ತಾ ಹೋಗುವುದು. ಎದುರಿನ ಜಾಗ ಖಾಲಿ ಉಳಿದರೆ ಅದು ಬಾಕಿ. ಒಂದೇ ಮೇಲ್‌ನಲ್ಲಿ ಎರಡು ಪ್ರಶ್ನೆ ಇದ್ದರೆ ವಿಶೇಷ ಎಚ್ಚರ ಬೇಕು. ಉತ್ತರಿಸುವವರು ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಮುಂದೆ ಹೋಗುತ್ತಾರೆ, ಎರಡೂ ಮುಗಿದವೆಂದು ಎಲ್ಲರಿಗೂ ಅನ್ನಿಸುತ್ತದೆ.

ಏಪ್ರಿಲ್ 18ರ ಖಜಾಂಚಿಯ ಮೇಲ್ ಅಂಥದ್ದು. ‘ಮುಂಗಡ ಎಷ್ಟು? ಈ 4.80 ಲಕ್ಷ ಜಿಎಸ್‌ಟಿ ಸೇರಿಯೇ?’ ಮರುದಿನ ಕಾರ್ಯದರ್ಶಿ ಉತ್ತರಿಸಿದರು: ಮುಂಗಡ ಶೇ. 30. ತೆರಿಗೆಯ ಮಾತು ಅಲ್ಲಿಗೇ ನಿಂತಿತು. ಮೊದಲ ಕೊಟೇಶನ್‌ನ ಪಿಡಿಎಫ್‌ನಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದಿದೆ, ಪರಿಷ್ಕೃತ ಕೊಟೇಶನ್‌ನಲ್ಲಿ ತೆರಿಗೆಯ ಉಲ್ಲೇಖವೇ ಇಲ್ಲ. ಇಂಥ ಕೆಲಸಕ್ಕೆ ಶೇ. 18ರ ತೆರಿಗೆ ಸೇರಿದರೆ ಮೊತ್ತ 5,66,400 ರೂಪಾಯಿ. ಈ ಸಂಘದ ಬೈಲಾ ಪ್ರಕಾರ ಸಮಿತಿ ತಾನಾಗಿ ಖರ್ಚು ಮಾಡಬಹುದಾದದ್ದು ಐದು ಲಕ್ಷದವರೆಗೆ. ಅದನ್ನು ಮೀರಿದರೆ ಸರ್ವ ಸದಸ್ಯರ ಸಭೆ ಕರೆಯಬೇಕು, 14 ದಿನ ಮುಂಚೆ ನೋಟಿಸ್ ಕೊಡಬೇಕು. ಅಂದರೆ ‘ಫೈನಲ್’ ಎಂದ ನಿರ್ಧಾರ ನಿಂತಿರುವುದು ಯಾರೂ ಉತ್ತರಿಸದ ಪ್ರಶ್ನೆಯ ಮೇಲೆ.

ಇಲ್ಲಿ ಸಾರಾಂಶ ಬರೆಯುವವರು ತಾವೇ ತೀರ್ಪು ಕೊಡಬಾರದು. ‘ತೆರಿಗೆ ಪ್ರತ್ಯೇಕವೇ ಇರಬೇಕು’ ಎಂದು ಊಹಿಸಿ ಬರೆದರೆ ಅದು ಮುಂದೆ ತೀರ್ಮಾನವಾಗಿಯೇ ಓಡಾಡುತ್ತದೆ. ಎರಡೂ ಮೊತ್ತ ಕೊಟ್ಟು, ಉತ್ತರದ ಮೇಲೆ ಏನು ನಿಂತಿದೆ ಎಂದು ಹೇಳಿ ಬಿಡಬೇಕು.

ಹೊಣೆಗೆ ಹೆಸರು

ಮೂರನೆಯ ಪಟ್ಟಿಯ ಪ್ರತಿ ಸಾಲಿನಲ್ಲೂ ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ದಿನಾಂಕ ಇರಬೇಕು. ‘ಸಮಿತಿ ನೋಡಿಕೊಳ್ಳುತ್ತದೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ‘ಟೆರೇಸ್‌ನಲ್ಲಿ ಸೋಲಾರ್ ಹೀಟರ್ ಇಟ್ಟವರಿಗೆಲ್ಲ ತಿಳಿಸಬೇಕು’ ಎಂದು ಏಪ್ರಿಲ್ 19ರಂದು ಯಾರೋ ಬರೆದಿದ್ದಾರೆ, ಎಲ್ಲರೂ ಒಪ್ಪಿದ್ದಾರೆ, ಕೈಗೆತ್ತಿಕೊಂಡವರಿಲ್ಲ. ಹೀಟರ್‌ಗಳನ್ನು ಸರಿಸದೆ ಅವುಗಳ ಕೆಳಗೆ ಪದರ ಹಾಕಲಾಗದು. ಹೀಗೆ ಹೆಸರಿಲ್ಲದ ಕೆಲಸಕ್ಕೆ ನಾವೇ ಒಂದು ಹೆಸರು ಅಂಟಿಸಬಾರದು. ‘ಯಾರೂ ವಹಿಸಿಕೊಂಡಿಲ್ಲ’ ಎಂದೇ ಬರೆಯಬೇಕು. ಆ ಮಾತು ಓದಿದ ಮೇಲೆ ಯಾರಾದರೊಬ್ಬರು ಮುಂದೆ ಬರುವ ಸಾಧ್ಯತೆ ಹೆಚ್ಚು.

ಇಷ್ಟಾದ ಮೇಲೆ ಪುಟ ಹೀಗಿರುತ್ತದೆ:

ತೀರ್ಮಾನವಾದದ್ದು
- ಪಾಲಿಯುರಿಥೇನ್ ಪದರ, ಚದರಡಿಗೆ ರೂ. 80, ಹತ್ತು ವರ್ಷ ಗ್ಯಾರಂಟಿ. ಏಳರಲ್ಲಿ ನಾಲ್ವರ ಒಪ್ಪಿಗೆ (ಏ. 20). ಏ. 9ರ ತೀರ್ಮಾನ ರದ್ದು.
- ಮುಂಗಡ ಶೇ. 30 (ಕಾರ್ಯದರ್ಶಿ, ಏ. 19, ಖಜಾಂಚಿ ಒಪ್ಪಿಗೆ, ಏ. 20).

ಬಾಕಿ ಇರುವುದು
- 4.80 ಲಕ್ಷದಲ್ಲಿ ಜಿಎಸ್‌ಟಿ ಸೇರಿದೆಯೇ? ಇಲ್ಲವಾದರೆ 5,66,400, ಸರ್ವ ಸದಸ್ಯರ ಸಭೆ ಬೇಕು (ಖಜಾಂಚಿ ಕೇಳಿದ್ದು, ಏ. 18).
- ಕೆಲಸ ಆರಂಭ ಮೇ 12ಕ್ಕೆ ಎಂದು ಕಂಟ್ರಾಕ್ಟರ್ ಹೇಳಿದ್ದಾರೆ (ಏ. 21). ಸಮಿತಿ ಒಪ್ಪಿದೆಯೇ?
- ನೀರು ನಿಲ್ಲಿಸುವ ಪರೀಕ್ಷೆಯನ್ನು ಕರಾರಿನಲ್ಲಿ ಸೇರಿಸಬೇಕೇ?
- 402ರ ಸೀಲಿಂಗ್ ದುರಸ್ತಿ ಖರ್ಚು ಯಾರದು? (ಏ. 6 ಮತ್ತು 16ರಂದು ಕೇಳಿದ್ದಾರೆ.)

ಯಾರು, ಏನು, ಯಾವಾಗ
- ಕಾರ್ಯದರ್ಶಿ: ಕರಾರಿನ ಕರಡು, ಏ. 28ರೊಳಗೆ.
- 404ರವರು: ಗ್ಯಾರಂಟಿ ಷರತ್ತುಗಳನ್ನು ಓದಿ ಖಜಾಂಚಿಗೆ ಟಿಪ್ಪಣಿ, ದಿನಾಂಕ ಹೇಳಿಲ್ಲ.
- ಸೋಲಾರ್ ಇರುವ ಮನೆಗಳಿಗೆ ಸೂಚನೆ: ಯಾರೂ ವಹಿಸಿಕೊಂಡಿಲ್ಲ.
- ಕಂಟ್ರಾಕ್ಟರ್‌ನಿಂದ ತೆರಿಗೆಯ ಸ್ಪಷ್ಟನೆ: ಯಾರೂ ವಹಿಸಿಕೊಂಡಿಲ್ಲ.

ಪಾರ್ಕಿಂಗ್ ವಿಷಯಕ್ಕೆ ಹೊರಳಿದ ಏಳು ಮೇಲ್‌ಗಳು ಇದರಲ್ಲಿ ಇಲ್ಲ. ಯಾರು ಯಾರ ಮೇಲೆ ರೇಗಿದರು ಎಂಬುದೂ ಇಲ್ಲ. ಒಬ್ಬರಿಗಷ್ಟೇ ಬರೆದ ಖಾಸಗಿ ಮೇಲ್ ನಿಮ್ಮ ಕೈಯಲ್ಲಿದ್ದರೆ ಅದನ್ನೂ ಇಲ್ಲಿ ತರಬಾರದು, ಬರೆದವರನ್ನು ಕೇಳಿಕೊಂಡೇ ತರಬೇಕು. ಆದರೆ ಪ್ರತಿ ಮುಖ್ಯ ಸಾಲಿಗೂ ದಿನಾಂಕ ಇದೆ. ಯಾರಿಗಾದರೂ ಅನುಮಾನ ಬಂದರೆ ಮೂಲ ಮೇಲ್ ತೆರೆದು ನೋಡಬಹುದು. ದಿನಾಂಕ ತೋರಿಸಲಾಗದ ಸಾಲು ನಿಮ್ಮ ಊಹೆಯಾಗಿರುವ ಸಾಧ್ಯತೆಯೇ ಹೆಚ್ಚು.

ಈ ಪುಟವನ್ನು ಅದೇ ಸರಣಿಗೆ, ಎಲ್ಲರಿಗೂ ಹೋಗುವಂತೆ, ಒಂದು ಗಡುವಿನೊಡನೆ ಕಳಿಸಬೇಕು: ‘ತಪ್ಪಿದ್ದರೆ ಏಪ್ರಿಲ್ 26ರ ಸಂಜೆಯೊಳಗೆ ತಿಳಿಸಿ.’ ಫೋನಿನಲ್ಲೋ ಲಿಫ್ಟ್‌ನಲ್ಲೋ ಆಡಿಕೊಂಡ ಮಾತು ಮೇಲ್‌ನಲ್ಲಿ ಇರುವುದಿಲ್ಲ. ಅಂಥದ್ದು ಹೊರಬರುವುದು ಈ ಹಂತದಲ್ಲೇ.

ತೆರಿಗೆಯ ಪ್ರಶ್ನೆ ಏಪ್ರಿಲ್ 25ರಂದೇ ಎಲ್ಲರ ಕಣ್ಣಿಗೆ ಬಿದ್ದರೆ, ಅಂದೇ ಕಂಟ್ರಾಕ್ಟರ್‌ನನ್ನು ಕೇಳಿ ನೋಟಿಸ್ ಹೊರಡಿಸಿ, ಮೇ 10ರಂದು ಸಭೆ ಮುಗಿಸಿ, ಮೇ 12ಕ್ಕೆ ಕೆಲಸ ಶುರು ಮಾಡಲು ಸಮಯವಿದೆ. ಅದೇ ಪ್ರಶ್ನೆ ಬಿಲ್ ಬಂದ ದಿನ ಎದ್ದರೆ ಸಭೆ ಕರೆಯುವುದರೊಳಗೆ ಜೂನ್ ಬಂದಿರುತ್ತದೆ, ಒದ್ದೆ ಟೆರೇಸ್ ಮೇಲೆ ಪದರ ಹಾಕಲಾಗುವುದಿಲ್ಲ. ನಿಮ್ಮ ಮುಂದೆ ಇಂಥ ಸರಣಿ ಇದ್ದರೆ, ‘ಫೈನಲ್’ ಎಂದು ಬರೆದ ಮೇಲ್‌ನಿಂದ ಶುರು ಮಾಡಬೇಡಿ. ಉತ್ತರ ಬಾರದ ಪ್ರಶ್ನೆಗಳಿಂದ ಶುರು ಮಾಡಿ.