ಎಂಟನೆಯ ಯಂತ್ರದ ಕೂಲಿ ಎಷ್ಟು?

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಅಲ್ಲಿ ಮೊದಲ ಬಾರಿಗೆ ತಿಂಡಿ ಪೊಟ್ಟಣ ಕಟ್ಟುವ ಯಂತ್ರ ತಯಾರಾಗುತ್ತಿದೆ. ಐದು ಜನ ಫಿಟ್ಟರುಗಳು, ದಿನಕ್ಕೆ 8 ಗಂಟೆಯಂತೆ 25 ದಿನ ದುಡಿದು ಮೊದಲ ಯಂತ್ರ ನಿಲ್ಲಿಸಿದರು. ಅಂದರೆ 1000 ಗಂಟೆ. ಪಿಎಫ್, ಬೋನಸ್ಸು ಎಲ್ಲ ಸೇರಿ ಗಂಟೆಗೆ 200 ರೂಪಾಯಿ ಕೂಲಿ ಹಿಡಿದರೆ ಆ ಯಂತ್ರದ ಕೂಲಿಯೇ 2 ಲಕ್ಷ. ಅಷ್ಟರಲ್ಲಿ ಗಿರಾಕಿಯೊಬ್ಬರು ಎಂಟು ಯಂತ್ರ ಬೇಕು, ದರ ಹೇಳಿ ಎನ್ನುತ್ತಾರೆ. ಎಂಟಕ್ಕೂ ತಲಾ 2 ಲಕ್ಷ ಕೂಲಿ ಹಾಕಿದರೆ ಆರ್ಡರ್ ಕೈತಪ್ಪುವುದು ಬಹುತೇಕ ಖಚಿತ. ಏಕೆಂದರೆ ಎರಡನೆಯ ಯಂತ್ರಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ.

ಮೊದಲ ಯಂತ್ರದ ಸಾವಿರ ಗಂಟೆ ಎಲ್ಲಿ ಹೋಯಿತು ಎಂದು ಶಾಪ್ ಫ್ಲೋರಿನಲ್ಲಿ ನಿಂತು ನೋಡಿದವರಿಗೆ ಗೊತ್ತು. ಡ್ರಾಯಿಂಗನ್ನು ನಾಲ್ಕು ಸಲ ಬಿಚ್ಚಿ ನೋಡಬೇಕು. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದೆ ಜೋಡಿಸಿದ್ದನ್ನು ಮತ್ತೆ ಬಿಚ್ಚಬೇಕು. ತೂತು ಅರ್ಧ ಮಿಲಿಮೀಟರ್ ಆಚೀಚೆ ಆಗಿ ಪ್ಲೇಟು ವಾಪಸ್ ಹೋಗುತ್ತದೆ. ಎರಡನೆಯ ಸಲ ಇವುಗಳಲ್ಲಿ ಅರ್ಧಕ್ಕರ್ಧ ಇರುವುದಿಲ್ಲ. ಕೈ ಚುರುಕಾಗುವುದು ಇದರ ಒಂದು ಪಾಲು ಮಾತ್ರ. ಮೇಸ್ತ್ರಿ ಒಂದು ಜಿಗ್ ಮಾಡಿಸುತ್ತಾನೆ, ಡ್ರಾಯಿಂಗಿನ ತಪ್ಪು ತಿದ್ದಿಸುತ್ತಾನೆ, ಬೇಕಾದ ಸ್ಪ್ಯಾನರುಗಳನ್ನು ಕೈಗೆಟುಕುವಲ್ಲಿ ಇಡುತ್ತಾನೆ. ಕಲಿಯುವುದು ಫಿಟ್ಟರ್ ಒಬ್ಬನೇ ಅಲ್ಲ, ಇಡೀ ಕಾರ್ಖಾನೆ.

ಈ ಕಲಿಕೆಗೂ ಒಂದು ಲೆಕ್ಕವಿದೆ ಎಂದು ತೋರಿಸಿದವರು ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್. ವಿಮಾನ ಕಂಡುಹಿಡಿದ ರೈಟ್ ಸಹೋದರರಲ್ಲ, ಬೇರೆಯವರು. ವಿಮಾನದ ವೆಚ್ಚದ ಬಗ್ಗೆ 1936ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇದು: ತಯಾರಾದ ಒಟ್ಟು ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ವಿಮಾನವೊಂದಕ್ಕೆ ತಗಲುವ ಸರಾಸರಿ ಕೂಲಿ ಹಿಂದಿನದರ ಸುಮಾರು 80 ಶೇಕಡಾಕ್ಕೆ ಇಳಿಯುತ್ತದೆ.

ನಮ್ಮ ಯಂತ್ರಕ್ಕೆ ಇದನ್ನೇ ಹಚ್ಚೋಣ. ಒಂದಕ್ಕೆ 1000 ಗಂಟೆ. ಎರಡಾದಾಗ ಸರಾಸರಿ 800, ಒಟ್ಟು 1600. ಹಾಗಾದರೆ ಎರಡನೆಯ ಯಂತ್ರ ತೆಗೆದುಕೊಂಡದ್ದು ಬರೀ 600. ನಾಲ್ಕಾದಾಗ ಸರಾಸರಿ 640, ಎಂಟಾದಾಗ 512. ಹೀಗೆ ಎಂಟು ಯಂತ್ರಗಳ ಆರ್ಡರಿಗೆ ತಲಾ ಕೂಲಿ 1,02,400 ರೂಪಾಯಿ, ಮೊದಲು ಅಂದುಕೊಂಡದ್ದರ ಹೆಚ್ಚುಕಡಿಮೆ ಅರ್ಧ. ಅದೇ ಗಿರಾಕಿ ಇನ್ನೂ ಎಂಟು ಕೇಳಿದರೆ? ಹದಿನಾರಕ್ಕೆ ಸರಾಸರಿ ಸುಮಾರು 410 ಗಂಟೆ. ಮೊದಲ ಎಂಟರ ಗಂಟೆಗಳನ್ನು ಕಳೆದರೆ ಎರಡನೆಯ ಎಂಟಕ್ಕೆ ತಲಾ 307 ಗಂಟೆ, ಸುಮಾರು 61,400 ರೂಪಾಯಿ.

ಇಲ್ಲಿ ಮುಗ್ಗರಿಸುವವರೇ ಹೆಚ್ಚು. ಹದಿನಾರು ಮಾರುತ್ತೇವೆಂಬ ಭರವಸೆಯಲ್ಲಿ 410 ಗಂಟೆಯ ದರ ಒಪ್ಪಿಕೊಂಡು, ಎಂಟಕ್ಕೇ ಆರ್ಡರ್ ನಿಂತರೆ ಪ್ರತಿ ಯಂತ್ರದ ಮೇಲೂ 102 ಗಂಟೆಯ ಕೂಲಿ ಕೈಯಿಂದ ಹೋಗುತ್ತದೆ. ಎರಡನೆಯ ಆರ್ಡರ್ ಒಂದು ವರ್ಷ ಬಿಟ್ಟು ಬಂದಿದ್ದು, ಅಷ್ಟರಲ್ಲಿ ಇಬ್ಬರು ಫಿಟ್ಟರುಗಳು ಕೆಲಸ ಬಿಟ್ಟಿದ್ದರೆ 307 ಗಂಟೆ ಎಂಬುದು ಕಾಗದದ ಮೇಲಿನ ಅಂಕಿಯಷ್ಟೇ. ಕಲಿತದ್ದು ಮರೆತೂ ಹೋಗುತ್ತದೆ. ಉಕ್ಕಿನ ಬೆಲೆಗೆ ಈ ಲೆಕ್ಕ ಹಚ್ಚುವಂತಿಲ್ಲ, ಮೋಟಾರಿನ ವೇಗಕ್ಕೇ ಕಟ್ಟುಬಿದ್ದ ಕೆಲಸಕ್ಕೂ ಹಚ್ಚುವಂತಿಲ್ಲ. ಇಳಿತವೂ ಕೊನೆಯಿಲ್ಲದೆ ನಡೆಯುವುದಿಲ್ಲ, ಒಂದು ಹಂತದಲ್ಲಿ ನಿಲ್ಲುತ್ತದೆ.

ಮುಖ್ಯವಾಗಿ 80 ಎಂಬುದು ದೇವರು ಬರೆದ ಸಂಖ್ಯೆಯಲ್ಲ. ಕೈಕೆಲಸ ಕಡಿಮೆ ಇದ್ದಲ್ಲಿ ಅದು 90, 95 ಆಗಬಹುದು. ನಿಮ್ಮ ಕಾರ್ಖಾನೆಯದು ಎಷ್ಟು ಎಂದು ಹೇಳುವುದು ಜಾಬ್ ಕಾರ್ಡು ಮಾತ್ರ. ಒಂದು, ಎರಡು, ನಾಲ್ಕು ಯಂತ್ರ ಮುಗಿದಾಗಿನ ಸರಾಸರಿಗಳನ್ನು ಬರೆದು, ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಭಾಗಿಸಿ. 1000, 800 ಆದಮೇಲೆ ನಾಲ್ಕನೆಯದಕ್ಕೆ ಸರಾಸರಿ 760 ಬಂದರೆ ಅನುಪಾತ 95ಕ್ಕೆ ಏರಿದೆ ಎಂದರ್ಥ. ಆಗ ಕೆಲಸಗಾರನನ್ನು ಬೈಯುವ ಮೊದಲು ಡಿಸೈನ್ ನಡುವೆ ಬದಲಾಯಿತೇ, ಹೊಸಬರನ್ನು ಹಾಕಿದಿರೇ, ಸಾಮಾನು ತಡವಾಗಿ ಬಂತೇ ಎಂದು ನೋಡಬೇಕು.

ಬೈಗುಳದ ಮಾತು ಬಂದದ್ದಕ್ಕೆ ಕಾರಣವಿದೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸ್ಟೈಲ್ ಮತ್ತೆಮತ್ತೆ ಬದಲಾಗುತ್ತದೆ. ಹೊಸ ಕಾಲರು, ಹೊಸ ಜೇಬು ಬಂದ ದಿನ ಹೊಲಿಗೆ ಲೈನು ನಿಧಾನವಾಗುವುದು ಸಹಜ. ಆ ದಿನವೂ ಹಳೆಯ ಸ್ಟೈಲಿನ ಕೊನೆಯ ದಿನದ ಟಾರ್ಗೆಟ್ ಕೇಳಿದರೆ, ಕಲಿಕೆಯ ಖರ್ಚನ್ನು ಹೊಲಿಯುವ ಹೆಣ್ಣುಮಗಳ ಊಟದ ವಿರಾಮದಿಂದ ವಸೂಲಿ ಮಾಡಿದಂತೆ. ಅದು ಅನ್ಯಾಯ, ಲೆಕ್ಕದ ದೃಷ್ಟಿಯಿಂದಲೂ ತಪ್ಪು. ಮೊದಲ ದಿನಗಳ ಆ ಹೆಚ್ಚಿನ ಗಂಟೆಗಳು ಆರ್ಡರಿನ ದರದಲ್ಲೇ ಸೇರಿರಬೇಕಿತ್ತು.

ಹೊಸ ಮಾಲಿಗೆ ಕೊಟೇಶನ್ ಬರೆಯುವವರಲ್ಲಿ ಒಂದು ವಿನಂತಿ: ಮೊದಲ ಯಂತ್ರದ ಜಾಬ್ ಕಾರ್ಡುಗಳನ್ನು ದಯವಿಟ್ಟು ಎಸೆಯಬೇಡಿ.