ಕೂರಿಗಿಯೂ ಕೂರಿಗೆಯೂ: ವಿಡಿಯೊದೊಳಗಿನ ಮಾತು ಹುಡುಕಾಟಕ್ಕೆ ಸಿಗುವ ಬಗೆ

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರ ಮಾತನ್ನು 40 ನಿಮಿಷಗಳ ಕಾಲ ಚಿತ್ರೀಕರಿಸಲಾಗಿದೆ ಎಂದಿಟ್ಟುಕೊಳ್ಳಬಹುದು. 'ಜೋಳದ ಬೇಸಾಯ: ಅಕ್ಕಲಕೋಟದ ಹಿರಿಯರೊಬ್ಬರ ನೆನಪುಗಳು' ಎಂಬುದು ಅದರ ಶೀರ್ಷಿಕೆ. ಶೀರ್ಷಿಕೆಯ ಕೆಳಗೆ ನಾಲ್ಕೈದು ಸಾಲುಗಳ ವಿವರಣೆಯಿದೆ. ಎರಡೂ ಸೇರಿ ಹೆಚ್ಚೆಂದರೆ 50 ಪದಗಳಾಗುತ್ತವೆ. ನಿಮಿಷಕ್ಕೆ 90 ಪದಗಳ ನಿಧಾನಗತಿಯಲ್ಲಿ ಮಾತನಾಡಿದ್ದಾರೆಂದು ಹಿಡಿದರೂ ಆ ಹಿರಿಯರು ಆಡಿದ ಪದಗಳು 3600. ಹಗೇವಿನಲ್ಲಿ ಕಾಳು ತುಂಬುವ ಕ್ರಮ, ಕಣ ಮಾಡುವ ಬಗೆ, ಜಮೀನಿನ ದಾಖಲೆಗಾಗಿ ಕಚೇರಿಗೆ ಅಲೆದದ್ದು ಎಲ್ಲವೂ ಆ 3600 ಪದಗಳಲ್ಲಿವೆ. ಆ 50ರಲ್ಲಿ ಇಲ್ಲ. ಹಗೇವಿನ ಕುರಿತು ಸಂಶೋಧನೆ ನಡೆಸುತ್ತಿರುವವರಿಗೆ ಈ ವಿಡಿಯೊ ಇದ್ದೂ ಇಲ್ಲದಂತೆ.

ಕಾರಣ ಸರಳ. ಸಾಮಾನ್ಯ ಪದಶೋಧಕ್ಕೆ ವಿಡಿಯೊ ಎಂಬುದು ಚಿತ್ರ ಮತ್ತು ಧ್ವನಿಯ ಕಡತ ಮಾತ್ರ. ಅದರ ಜೊತೆಗೆ ಅಕ್ಷರರೂಪದಲ್ಲಿ ಏನನ್ನು ಇರಿಸಲಾಗಿದೆಯೋ ಅಷ್ಟೇ ಅದರ ಕೈಗೆ ಸಿಗುತ್ತದೆ. ಪರದೆಯ ಕೆಳಭಾಗದಲ್ಲಿ ಸಾಲುಗಳು ಕಾಣುತ್ತಿವೆಯೆಂದ ಮಾತ್ರಕ್ಕೆ ಅಕ್ಷರವಿದೆ ಎನ್ನಲಾಗದು. ಸಂಕಲನದ ವೇಳೆಯಲ್ಲೇ ಚಿತ್ರದೊಳಗೆ ಅಚ್ಚಾದ ಸಾಲು ಕಣ್ಣಿಗೆ ಬರಹ, ಕಂಪ್ಯೂಟರಿಗೆ ಬಣ್ಣದ ಚುಕ್ಕೆಗಳ ಗುಂಪು. ನೋಡುವವರು ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚಬಲ್ಲ ಕ್ಲೋಸ್ಡ್ ಕ್ಯಾಪ್ಷನ್ ಹಾಗಲ್ಲ. ಸಾಮಾನ್ಯವಾಗಿ ಅದು ವಿಡಿಯೊಗೆ ಜೋಡಿಸಿದ ಪ್ರತ್ಯೇಕ ಪಠ್ಯಕಡತ. ಮುಚ್ಚಿ ತೆರೆಯುವ ಗುಂಡಿ ಇದೆಯೇ ಎಂದು ನೋಡಿದರೆ ಎರಡರ ವ್ಯತ್ಯಾಸ ತಿಳಿದುಬಿಡುತ್ತದೆ. ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ WebVTT ಮಾದರಿಯಲ್ಲಿ ಆ ಕಡತದ ಆರಂಭ ಹೀಗಿರಬಹುದು:

```
WEBVTT

NOTE ಕೂರಿಗೆ, ಬಿತ್ತನೆ, ಎಡೆ ಹೊಡೆಯುವುದು

00:17:42.000 --> 00:17:47.000
ಕೂರಿಗಿ ಹೂಡಿ ಬಿತ್ತತಿದ್ವಿ,
ಆಮ್ಯಾಗ ಎಡಿ ಹೊಡೀತಿದ್ವಿ
```

ಪ್ರತಿ ತುಣುಕಿಗೂ ಆರಂಭದ ಮತ್ತು ಅಂತ್ಯದ ಕಾಲ ನಮೂದಾಗಿರುವುದರಿಂದ, 'ಕೂರಿಗಿ' ಎಂದು ಹುಡುಕಿದವರು ನೇರವಾಗಿ 17ನೆಯ ನಿಮಿಷದ 42ನೆಯ ಸೆಕೆಂಡಿಗೆ ಹೋಗಬಹುದು. ಕ್ಯಾಪ್ಷನ್ನಿನ ಹಿರಿಮೆ ಇದು. ಅದರ ಕೊರತೆಯೂ ಇಲ್ಲಿಯೇ ಇದೆ. ಓದುವ ವೇಗಕ್ಕೆ ಹೊಂದಿಸಲು ಕ್ಯಾಪ್ಷನ್ ಬರೆಯುವವರು ಪುನರುಕ್ತಿಯನ್ನೂ ತಡವರಿಕೆಯನ್ನೂ ಕತ್ತರಿಸುತ್ತಾರೆ. ಒಂದೇ ಪದಗುಚ್ಛ ಎರಡು ತುಣುಕುಗಳಿಗೆ ಹಂಚಿಹೋದರೆ ಇಡೀ ಗುಚ್ಛವನ್ನು ಹುಡುಕುವವರಿಗೆ ಅದು ಸಿಗದೆ ಹೋಗಬಹುದು. ಇದಲ್ಲದೆ, ಪ್ಲೇಯರ್ ಬಳಸುವ ಈ ಕಡತವನ್ನು ಪ್ರತಿಯೊಂದು ಶೋಧಯಂತ್ರವೂ ತೆರೆದು ಓದುತ್ತದೆಂಬ ಭರವಸೆಯಿಲ್ಲ. ಆದುದರಿಂದ ಮಾತಿನ ಪೂರ್ಣ ಬರಹರೂಪವನ್ನು, ಅಂದರೆ ಟ್ರಾನ್‌ಸ್ಕ್ರಿಪ್ಟನ್ನು, ವಿಡಿಯೊ ಇರುವ ಪುಟದಲ್ಲಿಯೇ ಸಾಮಾನ್ಯ ಪಠ್ಯವಾಗಿ ಇರಿಸುವುದು ಹೆಚ್ಚು ಭದ್ರವಾದ ದಾರಿ. ಅದರ ಅಂಚಿನಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಕಾಲವನ್ನು ನಮೂದಿಸಿದರೆ ಸಾಕು.

ಇಲ್ಲಿಯವರೆಗಿನದು ಯಾವ ಭಾಷೆಗಾದರೂ ಸಲ್ಲುವ ಮಾತು. ಗಡಿಯಾಚೆಯ ಕನ್ನಡದ ತೊಡಕು ಇನ್ನು ಮುಂದಿನದು: ಬರೆಯಬೇಕಾದದ್ದು ಯಾವ ಕನ್ನಡ? ಹಿರಿಯರು ಆಡಿದ್ದು 'ಮನಿ', 'ಕೂರಿಗಿ', 'ಎಡಿ'. ದೂರದ ಊರಿನ ಸಂಶೋಧಕರು ಹುಡುಕಾಟದ ಪೆಟ್ಟಿಗೆಯಲ್ಲಿ ಬರೆಯುವುದು 'ಮನೆ', 'ಕೂರಿಗೆ', 'ಎಡೆ'. ಪದಾಂತ್ಯದ ಎಕಾರ ಇಕಾರವಾಗುವುದು ಉತ್ತರದ ಕನ್ನಡ ಬಲ್ಲವರಿಗೆ ಹೊಸತಲ್ಲ. ಆದರೆ ಹುಡುಕುವ ತಂತ್ರಾಂಶಕ್ಕೆ ಇವು ಸಂಬಂಧವೇ ಇಲ್ಲದ ಎರಡು ಪದಗಳು. ಆಡಿದಂತೆಯೇ ಬರೆದರೆ ಶಿಷ್ಟರೂಪದಲ್ಲಿ ಹುಡುಕುವವರಿಗೆ ವಿಡಿಯೊ ಸಿಗದು. ಶಿಷ್ಟರೂಪಕ್ಕೆ ತಿದ್ದಿ ಬರೆದರೆ ವಿಡಿಯೊ ಸಿಗುತ್ತದೆ, ಆದರೆ ಯಾವ ನುಡಿಯನ್ನು ದಾಖಲಿಸಲು ಅಷ್ಟು ದೂರ ಹೋಗಲಾಯಿತೋ ಅದೇ ಬರಹದಿಂದ ಅಳಿಸಿಹೋಗುತ್ತದೆ. ಎರಡನೆಯ ನಷ್ಟವೇ ದೊಡ್ಡದು, ಏಕೆಂದರೆ ಅದು ಯಾರ ಗಮನಕ್ಕೂ ಬಾರದೆ ನಡೆಯುತ್ತದೆ: ಮುಂದೆ ಆ ಬರಹವನ್ನಷ್ಟೇ ಓದಿದವರು ಅಕ್ಕಲಕೋಟದ ಹಿರಿಯರು ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದರೆಂದು ತಿಳಿದುಕೊಂಡಾರು.

ಮೇಲಿನ ಮಾದರಿಯಲ್ಲಿ NOTE ಎಂದು ಆರಂಭವಾಗುವ ಸಾಲು ಇರುವುದು ಈ ತೊಡಕಿಗಾಗಿ. ಆ ಸಾಲು ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ, ಆದರೆ ಕಡತದಲ್ಲಿರುತ್ತದೆ. ಹೀಗೆ ನೋಡುವವರಿಗೆ ಆಡುನುಡಿಯೂ ಸಂಗ್ರಹದ ಕಡತಗಳೊಳಗೆ ಹುಡುಕುವವರಿಗೆ ಶಿಷ್ಟರೂಪವೂ ದೊರೆಯುತ್ತವೆ. ಕಡತವನ್ನು ಬೇರೊಂದು ಮಾದರಿಗೆ ಪರಿವರ್ತಿಸುವಾಗ ಇಂತಹ ಸಾಲುಗಳು ಬಿದ್ದುಹೋಗುವ ಸಾಧ್ಯತೆ ಇರುವುದರಿಂದ ಮೂಲಪ್ರತಿಯನ್ನು ಕೇಂದ್ರದಲ್ಲಿಯೇ ಉಳಿಸಿಕೊಳ್ಳಬೇಕು. ಸಾರ್ವಜನಿಕ ಪುಟದ ಬರಹರೂಪಕ್ಕಾದರೆ ಕೊನೆಯಲ್ಲೊಂದು ಚಿಕ್ಕ ಪದಕೋಶ ಸಾಕು: ಎಡಕ್ಕೆ ಆಡಿದ ರೂಪ, ಬಲಕ್ಕೆ ಶಿಷ್ಟರೂಪ.

ಉಚ್ಚಾರದ ಭೇದಕ್ಕಿಂತ ಸೂಕ್ಷ್ಮವಾದದ್ದು ಆಡಳಿತ ಭಾಷೆಯಿಂದ ಬಂದ ಪದಗಳದ್ದು. ಜಮೀನಿನ ಹಕ್ಕುದಾಖಲೆಗೆ ಕರ್ನಾಟಕದ ರೈತರು 'ಪಹಣಿ' ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಅದು, ಗ್ರಾಮಲೆಕ್ಕದ 7 ಮತ್ತು 12ನೆಯ ನಮೂನೆಗಳಿಂದಾಗಿ, 'ಸಾತಬಾರಾ'. ಹಿರಿಯರು ಕನ್ನಡ ವಾಕ್ಯದ ನಡುವೆ ಸಹಜವಾಗಿಯೇ 'ಸಾತಬಾರಾ ಉತಾರಾ' ಎಂದಿರುತ್ತಾರೆ. 'ಪಹಣಿ' ಎಂದು ಹುಡುಕಿದವರಿಗೆ ಅದು ಸಿಗಬೇಕಾದರೆ ಪದಕೋಶದಲ್ಲಿ ಎರಡೂ ಇರಬೇಕು. ಆ ಪದವನ್ನು ದೇವನಾಗರಿಯಲ್ಲಿ ಬರೆದುಬಿಡುವ, ಇಲ್ಲವೇ ಅಂಕಿಯಲ್ಲಿ '7/12' ಎಂದು ಮಾತ್ರ ನಮೂದಿಸುವ ಪರಿಪಾಠವೂ ಉಂಟು. ಕನ್ನಡ ಲಿಪಿಯಲ್ಲಿ ಹುಡುಕುವವರಿಗೆ ಎರಡೂ ಸಿಗವು. ಊರಿನ ಹೆಸರಿಗೂ ಇದೇ ಪಾಡು: ಸೋಲಾಪುರ, ಸೊಲ್ಲಾಪುರ; ಅಕ್ಕಲಕೋಟ, ಅಕ್ಕಲಕೋಟೆ.

ಇನ್ನು ವಿಭಕ್ತಿಯ ಪ್ರಶ್ನೆ. 'ಹಗೇವು' ಎಂಬುದು ವಾಕ್ಯದಲ್ಲಿ 'ಹಗೇವಿನ್ಯಾಗ' ಆದಾಗ ಕೊನೆಯ ಉಕಾರವೇ ಉಳಿಯುವುದಿಲ್ಲ. ಪೂರ್ಣಪದವನ್ನು ಯಥಾವತ್ತಾಗಿ ಹೊಂದಿಸುವ ಹುಡುಕಾಟ ಇಲ್ಲಿ ಸೋಲುತ್ತದೆ. ಸ್ವರಚಿಹ್ನೆಯನ್ನು ಬಿಟ್ಟು ಪದದ ಮೊದಲ ಭಾಗವನ್ನಷ್ಟೇ ಕೊಟ್ಟರೆ ಕೇಂದ್ರದ ಕಡತಗಳಲ್ಲಿ ಎರಡೂ ರೂಪಗಳು ದೊರೆಯುತ್ತವೆ:

```
grep -n "ಹಗೇವ" akkalkot.vtt
```

ಇದು ಯುನಿಕೋಡ್ ಪಠ್ಯದಲ್ಲಿ ಮಾತ್ರ ಸಾಧ್ಯ. ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಾದ ಬರಹ ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಇತರ ಚಿಹ್ನೆಗಳ ಸಂಕೇತ. ಫಾಂಟ್ ಬದಲಿಸಿದ ಕೂಡಲೇ ಅದು ಬಯಲಾಗುತ್ತದೆ. ಹಳೆಯ ಸಂದರ್ಶನಗಳ ಬರಹವನ್ನು ಪುಟಕ್ಕೆ ಏರಿಸುವ ಮುನ್ನ ಈ ಪರೀಕ್ಷೆಯೊಂದು ಆಗಲೇಬೇಕು.

ಯಂತ್ರವೇ ಬರೆದ ಕ್ಯಾಪ್ಷನ್ನಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ತಪ್ಪು ಬೀಳುವುದು ಹೆಚ್ಚಾಗಿ ವಿರಳವಾದ ಪದಗಳಲ್ಲಿ. ಹುಡುಕುವವರಿಗೆ ಬೇಕಾದುದೂ ಅವೇ. 'ಆಮೇಲೆ', 'ಇತ್ತು' ಮೊದಲಾದವು ಸರಿಯಾಗಿ ಬಂದು 'ಹಗೇವು' ಬೇರಾವುದೋ ಪದವಾಗಿದ್ದರೆ, ಒಟ್ಟು ತಪ್ಪು ಅಲ್ಪವೆಂದು ಕಂಡರೂ ಹುಡುಕಾಟಕ್ಕೆ ಆ ಬರಹದಿಂದ ಪ್ರಯೋಜನವಿಲ್ಲ. ಸಂದರ್ಶನ ನಡೆಸಿದವರು ತಮ್ಮ ಟಿಪ್ಪಣಿಯಿಂದ ಹತ್ತು ಮುಖ್ಯ ಪದಗಳನ್ನು ಆರಿಸಿ ಬರಹದಲ್ಲಿ ಹುಡುಕಿ ನೋಡುವುದು ಸುಲಭವಾದ ಪರೀಕ್ಷೆ. ಅರ್ಧದಷ್ಟು ಸಿಗದಿದ್ದರೆ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಲೇಸು.

ಸಿಗುವಂತೆ ಮಾಡುವುದರಲ್ಲಿ ಒಂದು ಅಪಾಯವೂ ಅಡಗಿದೆ. ಜಮೀನಿನ ಮಾತು ಬಂದಾಗ ಹಿರಿಯರು ದಾಯಾದಿಯೊಬ್ಬರ ಹೆಸರು ಹಿಡಿದು ಆಕ್ಷೇಪಿಸಿರಬಹುದು. 40 ನಿಮಿಷಗಳ ಮಾತಿನ ನಡುವೆ ಅದು ಬಹುಮಟ್ಟಿಗೆ ಮರೆಯಾಗಿಯೇ ಇತ್ತು. ಬರಹರೂಪ ಪ್ರಕಟವಾದ ಮೇಲೆ ಆ ಹೆಸರನ್ನು ಹುಡುಕಿದ ಯಾರಿಗಾದರೂ ಅದು ದೊರೆಯುತ್ತದೆ. ಚಿತ್ರೀಕರಣಕ್ಕೆ ಕೊಟ್ಟ ಒಪ್ಪಿಗೆಯಲ್ಲಿ ಇದು ಸೇರಿತ್ತೆಂದು ತಿಳಿಯುವುದು ನ್ಯಾಯವಲ್ಲ. ಬರಹವನ್ನು ಅವರಿಗೆ ಓದಿ ಹೇಳಿ, ಬೇಡವೆಂದ ಭಾಗವನ್ನು ಸಾರ್ವಜನಿಕ ಪ್ರತಿಯಿಂದಲೂ ಕ್ಯಾಪ್ಷನ್ನಿನಿಂದಲೂ ಧ್ವನಿಯಿಂದಲೂ ತೆಗೆದು, ಪೂರ್ಣಪ್ರತಿಯನ್ನು ಅವರು ಸಮ್ಮತಿಸಿದರೆ ಮಾತ್ರ ಕೇಂದ್ರದ ಒಳಸಂಗ್ರಹದಲ್ಲಿ ಇರಿಸಬೇಕು. ಹಾಗೆ ಓದಿ ಹೇಳುವಾಗ 'ಕೂರಿಗೆ ಅಲ್ಲರೀ, ಕೂರಿಗಿ' ಎಂಬ ತಿದ್ದುಪಡಿಯೂ ಅವರಿಂದಲೇ ಬರುವುದುಂಟು.